ಗಡಿ ದಾಟದ ರಿಟರ್ನ್ ಲೇಬಲ್

ಅಮೆರಿಕದ ಆನ್‌ಲೈನ್ ಅಂಗಡಿಗಳ ಮುಖಪುಟದಲ್ಲಿ ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ಕಾಣುವ ಇನ್ನೊಂದು ಸಾಲು ‘30 ದಿನ ಉಚಿತ ರಿಟರ್ನ್’. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಅದನ್ನು ಓದಿದವರಿಗೆ ಅರ್ಧ ಧೈರ್ಯ ಅಲ್ಲೇ ಬರುತ್ತದೆ. ಹಿಡಿಸದಿದ್ದರೆ ವಾಪಸ್ ಕಳಿಸಿದರಾಯಿತು, ದುಡ್ಡು ಎಲ್ಲಿ ಹೋಗುತ್ತದೆ ಎಂದುಕೊಂಡು ಕಾರ್ಡ್ ನಂಬರ್ ಹೊಡೆಯುತ್ತಾರೆ. ಅದೇ ಅಂಗಡಿಯ ರಿಟರ್ನ್ ನಿಯಮಗಳ ಪುಟವನ್ನು ಕೊನೆಯವರೆಗೂ ಇಳಿಸಿ ನೋಡಿದರೆ ‘ಅಂತರರಾಷ್ಟ್ರೀಯ ಆರ್ಡರ್‌ಗಳು’ ಎಂಬ ಸಣ್ಣ ತಲೆಬರಹದ ಕೆಳಗೆ ಬೇರೆಯದೇ ದನಿ ಕೇಳುತ್ತದೆ: ವಾಪಸ್ ಸಾಗಣೆಯ ಖರ್ಚು ಗ್ರಾಹಕರದ್ದು, ಮೊದಲು ಕಟ್ಟಿದ ಸಾಗಣೆ ಶುಲ್ಕ ಮರಳುವುದಿಲ್ಲ, ನಿಮ್ಮ ದೇಶದಲ್ಲಿ ಕಟ್ಟಿದ ಸುಂಕಕ್ಕೂ ನಮಗೂ ಸಂಬಂಧವಿಲ್ಲ.

ಈ ಎರಡು ದನಿಗಳ ನಡುವಿನ ಅಂತರವೇ ಇಲ್ಲಿ ಪರಿಶೀಲನೆಗೆ ಅರ್ಹವಾದದ್ದು. ಅಂಗಡಿಯವರು ಸುಳ್ಳು ಹೇಳುತ್ತಿದ್ದಾರೆ ಅನ್ನುವಂತಿಲ್ಲ. ಅವರ ರಿಟರ್ನ್ ವ್ಯವಸ್ಥೆ ತಮ್ಮ ದೇಶದೊಳಗಿನ ಗ್ರಾಹಕರಿಗಾಗಿ ಹುಟ್ಟಿದ್ದು, ಅಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಹೊರದೇಶಕ್ಕೆ ಮಾರಾಟ ಮಾಡಲು ಶುರು ಮಾಡಿದಾಗ ಮಾರಾಟದ ಅರ್ಧವನ್ನು ಮಾತ್ರ ಗಡಿಯಾಚೆ ಕಳಿಸಿದರು. ವಾಪಸಾತಿಯ ಅರ್ಧ ಇನ್ನೂ ಅಲ್ಲೇ ಉಳಿದಿದೆ.

ಮೊದಲು ಲೇಬಲ್ಲನ್ನೇ ತೆಗೆದುಕೊಳ್ಳೋಣ. ‘ರಿಟರ್ನ್’ ಗುಂಡಿ ಒತ್ತಿದ ಕೂಡಲೇ ಇಮೇಲ್‌ಗೆ ಒಂದು ಪಿಡಿಎಫ್ ಬರುತ್ತದೆ. ನಾಲ್ಕಿಂಚು ಅಗಲ, ಆರಿಂಚು ಉದ್ದದ ಚೀಟಿ. ಅದರ ಮೇಲೆ ಗೋದಾಮಿನ ವಿಳಾಸ, ಸಾಗಣೆ ಸಂಸ್ಥೆಯ ಬಾರ್‌ಕೋಡ್, ತೂಕ, ಒಂದು ರಿಟರ್ನ್ ಸಂಖ್ಯೆ. ಅಮೆರಿಕದೊಳಗೆ ಇದು ನಿಜಕ್ಕೂ ಜಾಣ ಏರ್ಪಾಟು. ಇಂಥ ಲೇಬಲ್‌ಗಳಲ್ಲಿ ಬಹುಪಾಲಿಗೆ ಅಂಗಡಿ ಮುಂಗಡ ದುಡ್ಡು ಕಟ್ಟಿರುವುದಿಲ್ಲ. ಗ್ರಾಹಕರು ಪೆಟ್ಟಿಗೆ ಕೊಟ್ಟು, ಬಾರ್‌ಕೋಡ್ ಮೊದಲ ಬಾರಿ ಸ್ಕ್ಯಾನ್ ಆದ ಮೇಲೆ ಮಾತ್ರ ಅಂಗಡಿಯ ಖಾತೆಗೆ ಬಿಲ್ ಬೀಳುತ್ತದೆ. ಹಾಗಾಗಿ ಅಂಗಡಿ ಸಾವಿರ ಲೇಬಲ್ ಹಂಚಿದರೂ ಬಳಕೆಯಾದ ನೂರಕ್ಕಷ್ಟೇ ದುಡ್ಡು ಕೊಡುತ್ತದೆ. ಉಚಿತ ರಿಟರ್ನ್ ಎಂಬ ಉದಾರತೆಯ ಒಳಗಿನ ಲೆಕ್ಕ ಇದು.

ತೊಂದರೆ ಏನೆಂದರೆ, ಈ ಪಿಡಿಎಫ್ ಕಳಿಸುವ ಸಾಫ್ಟ್‌ವೇರ್‌ಗೆ ಗ್ರಾಹಕರು ಮೈಸೂರಿನಲ್ಲಿದ್ದಾರೋ ಮಿನಿಯಾಪೊಲಿಸ್‌ನಲ್ಲಿದ್ದಾರೋ ಅನ್ನುವುದು ಎಷ್ಟೋ ಸಲ ಗೊತ್ತಿರುವುದಿಲ್ಲ. ಅಮೆರಿಕದ ಅಂಚೆ ಇಲಾಖೆಯ ದೇಶೀಯ ಲೇಬಲ್ ಕಳಿಸಿಬಿಡುತ್ತದೆ. ಅದನ್ನು ಪ್ರಿಂಟ್ ತೆಗೆದು, ಪೆಟ್ಟಿಗೆಗೆ ಅಂಟಿಸಿ, ಅಂಚೆ ಕಚೇರಿಗೆ ಒಯ್ದರೆ ಕೌಂಟರ್‌ನಲ್ಲಿದ್ದವರು ಒಮ್ಮೆ ತಿರುಗಿಸಿ ನೋಡಿ ವಾಪಸ್ ಕೊಡುತ್ತಾರೆ. ಅವರದೇನೂ ತಪ್ಪಿಲ್ಲ, ಆ ಬಾರ್‌ಕೋಡ್ ನಮ್ಮ ಅಂಚೆಯ ಪಾಲಿಗೆ ಬರೀ ಗೀರುಗಳು. ದೇಶದಿಂದ ದೇಶಕ್ಕೆ ಹೋಗುವ ಅಂಚೆಯ ಸಂಖ್ಯೆಗೆ ಒಂದು ಅಂತರರಾಷ್ಟ್ರೀಯ ಮಾದರಿ ಇದೆ: ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಯಲ್ಲಿ ಹೊರಟ ದೇಶದ ಎರಡಕ್ಷರದ ಗುರುತು. ಭಾರತದಿಂದ ಹೊರಡುವ ಪಾರ್ಸೆಲ್ಲಿನ ಸಂಖ್ಯೆ IN ಎಂದು ಮುಗಿಯಬೇಕು. ಅಂಗಡಿ ಕಳಿಸಿದ ಲೇಬಲ್‌ನಲ್ಲಿ ಬರೀ ಅಂಕಿಗಳ ಉದ್ದ ಸಾಲಿದ್ದರೆ ಅದು ದೇಶೀಯ ಲೇಬಲ್ ಎಂದು ಮನೆಯಲ್ಲೇ ತಿಳಿಯಬಹುದು.

ಖಾಸಗಿ ಕೊರಿಯರ್‌ನವರ ಲೇಬಲ್ ಆದರೆ ಇನ್ನೊಂದು ಗುರುತು ನೋಡಬೇಕು. ಯುಪಿಎಸ್, ಫೆಡೆಕ್ಸ್, ಡಿಎಚ್‌ಎಲ್ ಮೂರೂ ನಮ್ಮಲ್ಲಿ ಕೆಲಸ ಮಾಡುತ್ತವೆ, ಆದ್ದರಿಂದ ಸಂಸ್ಥೆಯ ಹೆಸರು ಕಂಡೊಡನೆ ನಿರಾಳವಾಗುವುದು ಸಹಜ. ಆದರೆ ‘ಕಳಿಸುವವರು’ ಎಂಬ ಜಾಗದಲ್ಲಿ ಗ್ರಾಹಕರ ಭಾರತದ ವಿಳಾಸ ಇದೆಯೇ, ಲೇಬಲ್ ಜೊತೆಗೆ ಕಸ್ಟಮ್ಸ್‌ಗಾಗಿ ಇನ್‌ವಾಯ್ಸ್ ಪ್ರತಿಯೂ ಬಂದಿದೆಯೇ ಎಂಬುದು ಮುಖ್ಯ. ಎರಡೂ ಇದ್ದರೆ ಅದು ನಿಜವಾದ ಅಂತರರಾಷ್ಟ್ರೀಯ ರಿಟರ್ನ್ ಲೇಬಲ್, ಮನೆ ಬಾಗಿಲಿಗೇ ಬಂದು ಒಯ್ಯುತ್ತಾರೆ. ಇಲ್ಲದಿದ್ದರೆ ಬೇರೆ ಲೇಬಲ್ ಕಳಿಸಿ ಎಂದು ಅಂಗಡಿಗೆ ಬರೆಯದೆ ದಾರಿಯಿಲ್ಲ. ಹೊಸ ಲೇಬಲ್ ಬರುವಷ್ಟರಲ್ಲಿ 30 ದಿನದಲ್ಲಿ ಒಂದು ವಾರ ಕಳೆದಿರುತ್ತದೆ.

ನಮ್ಮವರು ಇದಕ್ಕೆ ಕಂಡುಕೊಂಡ ದೇಸಿ ಉಪಾಯವೊಂದಿದೆ. ಸಾಮಾನನ್ನು ನ್ಯೂಜೆರ್ಸಿಯ ಅಕ್ಕನ ಮನೆಗೋ ಟೆಕ್ಸಸ್‌ನ ಗೆಳೆಯನ ಮನೆಗೋ ತರಿಸಿ, ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಹಾಕಿಸುವುದು. ಖರೀದಿಗೆ ಇದು ಸಲೀಸು. ರಿಟರ್ನ್‌ಗೂ ಕಾಗದದ ಮಟ್ಟಿಗೆ ಇದೇ ಸರಿ, ಯಾಕೆಂದರೆ ಆ ದೇಶೀಯ ಲೇಬಲ್ ಅಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ಗಡುವಿನ ಎಣಿಕೆ ಅಕ್ಕನ ಮನೆ ಬಾಗಿಲಿಗೆ ಪೆಟ್ಟಿಗೆ ಬಂದ ದಿನದಿಂದಲೇ ಶುರು. ಅವರು ದಸರಾಕ್ಕೆ ಬಂದು, ಸಾಮಾನು ಕೊಟ್ಟು, ಇಲ್ಲಿಂದ ಮತ್ತೊಬ್ಬರು ಹೊರಡುವ ಹೊತ್ತಿಗೆ ಗಡುವು ಎಂದೋ ಮುಗಿದಿರುತ್ತದೆ.

ಲೇಬಲ್ ಇಲ್ಲದೆ ತಾವೇ ಕಳಿಸಬೇಕಾದವರು ಅಂಚೆ ಕಚೇರಿಯಲ್ಲಿ ತುಂಬುವ ಕಾಗದಕ್ಕೆ ಸಿಎನ್ 22 ಅಥವಾ ಸಿಎನ್ 23 ಎಂದು ಹೆಸರು. ಸಣ್ಣ ಪ್ಯಾಕೆಟ್‌ಗೆ ಮೊದಲನೆಯದು, ಹೆಚ್ಚು ಬೆಲೆಯದಕ್ಕೆ ಮತ್ತು ಪಾರ್ಸೆಲ್‌ಗೆ ಎರಡನೆಯದು. ಒಳಗೇನಿದೆ, ತೂಕ ಎಷ್ಟು, ಬೆಲೆ ಎಷ್ಟು, ಎಲ್ಲಿ ತಯಾರಾದದ್ದು ಎಂದು ಬರೆಯುವ ಸಾಲುಗಳ ಪಕ್ಕದಲ್ಲಿ ಸಣ್ಣ ಚೌಕಗಳು ಇರುತ್ತವೆ: ಉಡುಗೊರೆ, ದಾಖಲೆ, ಮಾದರಿ, ಮಾರಾಟದ ಸರಕು, ರಿಟರ್ನ್ಡ್ ಗೂಡ್ಸ್, ಇತರೆ. ಇಡೀ ವ್ಯವಹಾರದ ಹಣೆಬರಹ ಈ ಚೌಕದಲ್ಲಿದೆ ಎಂದರೂ ನಡೆಯುತ್ತದೆ. ವಿದೇಶಕ್ಕೆ ಹೋಗುವ ಪಾರ್ಸೆಲ್ ಅಂದರೆ ಮಗನಿಗೆ ಕಳಿಸುವ ಚಟ್ನಿಪುಡಿ, ಹಪ್ಪಳ ಎಂಬ ರೂಢಿಯಿಂದಲೋ, ಸುಂಕ ಕಡಿಮೆ ಬೀಳಲಿ ಎಂಬ ಆಸೆಯಿಂದಲೋ ಜನ ‘ಉಡುಗೊರೆ’ಗೆ ಟಿಕ್ ಹಾಕಿ, ಬೆಲೆಯನ್ನೂ ಇಳಿಸಿ ಬರೆಯುತ್ತಾರೆ. ಅಲ್ಲಿಗೆ ಕಥೆ ಕೆಡುತ್ತದೆ. ಅಂಗಡಿಯ ಗೋದಾಮಿಗೆ ಅಪರಿಚಿತರಿಂದ ಉಡುಗೊರೆ ಬರುವುದಿಲ್ಲ. ದಾರಿಯಲ್ಲಿ ಪೆಟ್ಟಿಗೆ ಕಳೆದುಹೋದರೆ ಪರಿಹಾರವೂ ಬರೆದ ಬೆಲೆಗಿಂತ ಹೆಚ್ಚು ಸಿಗುವುದಿಲ್ಲ.

ಸರಿಯಾದ ಚೌಕಕ್ಕೆ ಟಿಕ್ ಹಾಕುವುದರಿಂದ ಸಿಗುವ ಲಾಭ ಆಚೆ ದಡದಲ್ಲಿದೆ. ತನ್ನ ದೇಶದಿಂದ ಹೊರಹೋದ ಸರಕು ಮಾರ್ಪಾಡಾಗದೆ ಮೂರು ವರ್ಷದೊಳಗೆ ಮರಳಿದರೆ ಅದಕ್ಕೆ ಸುಂಕ ಬೇಡ ಎಂಬ ವಿನಾಯಿತಿ ಅಮೆರಿಕದ ಸುಂಕಪಟ್ಟಿಯಲ್ಲಿ 9801.00.10 ಎಂಬ ಸಂಖ್ಯೆಯಡಿ ಇದೆ. ಸರಕು ಅಮೆರಿಕದಲ್ಲೇ ತಯಾರಾಗಿರಬೇಕು ಎಂದೇನೂ ಇಲ್ಲ, ಚೀನಾದಲ್ಲಿ ತಯಾರಾಗಿ ಅಮೆರಿಕದ ಗೋದಾಮಿನಿಂದ ಹೊರಟಿದ್ದರೂ ಸಾಕು. ಯುರೋಪ್ ಒಕ್ಕೂಟದ ಕಸ್ಟಮ್ಸ್ ಸಂಹಿತೆಯಲ್ಲೂ ಇಂಥದೇ ಮೂರು ವರ್ಷದ ಏರ್ಪಾಟಿದೆ. ಆದರೆ ಕೇಳದವರಿಗೆ ವಿನಾಯಿತಿ ತಾನಾಗಿ ಬರುವುದಿಲ್ಲ. ಮೂಲ ಇನ್‌ವಾಯ್ಸ್‌ನ ಪ್ರತಿ, ಸರಕು ಭಾರತಕ್ಕೆ ಬಂದಾಗಿನ ಟ್ರ್ಯಾಕಿಂಗ್ ಸಂಖ್ಯೆ, ಅಂಗಡಿ ಕೊಟ್ಟ ರಿಟರ್ನ್ ಸಂಖ್ಯೆ, ಈ ಮೂರೂ ಪೆಟ್ಟಿಗೆಯ ಹೊರಗೆ ಅಂಟಿಸಿದ ಕವರಿನಲ್ಲಿ ಇರಬೇಕು. ಪೆಟ್ಟಿಗೆಯ ಮೇಲೂ, ಇನ್‌ವಾಯ್ಸ್ ಮೇಲೂ ಒಂದು ಸಾಲು ಬರೆಯುವುದು ಒಳ್ಳೆಯದು:

```
RETURNED GOODS - HTSUS 9801.00.10
```

ಕೆಲವು ವರ್ಷಗಳ ಹಿಂದೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. 800 ಡಾಲರ್‌ವರೆಗಿನ ಸರಕು ಅಮೆರಿಕದೊಳಕ್ಕೆ ಸುಂಕವಿಲ್ಲದೆ ಹೋಗುತ್ತಿತ್ತು, ರಿಟರ್ನ್ ಪೆಟ್ಟಿಗೆಗಳೂ ಅದರ ಜೊತೆ ನುಸುಳಿಬಿಡುತ್ತಿದ್ದವು. 2025ರ ಆಗಸ್ಟ್ 29ರಂದು ಆ ಸವಲತ್ತು ಎಲ್ಲ ದೇಶಗಳಿಗೂ ನಿಂತಿತು. ಸುಂಕ ಯಾರು ಹೇಗೆ ವಸೂಲಿ ಮಾಡಬೇಕು ಎಂಬುದೇ ಸ್ಪಷ್ಟವಿಲ್ಲದೆ ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ಪಡೆಯುವುದನ್ನೇ ಆ ತಿಂಗಳಲ್ಲಿ ನಿಲ್ಲಿಸಿತು, ಅಕ್ಟೋಬರ್ 15ರಂದು ಮತ್ತೆ ಶುರು ಮಾಡಿತು. ಅಷ್ಟು ದಿನ ರಿಟರ್ನ್ ಪೆಟ್ಟಿಗೆ ಹಿಡಿದುಕೊಂಡಿದ್ದವರ ಪಾಡು ಏನಾಗಿರಬಹುದು? ಅಂಗಡಿಯ ಗಡುವು ಮಾತ್ರ ಓಡುತ್ತಲೇ ಇತ್ತು. ಮರುಶುರುವಾದಾಗ ಬಂದ ಪದ್ಧತಿಯಲ್ಲಿ ಅಮೆರಿಕದ ಸುಂಕವನ್ನು ಇಲ್ಲೇ, ಬುಕಿಂಗ್ ಹೊತ್ತಿನಲ್ಲೇ, ಘೋಷಿತ ಬೆಲೆಯ ಮೇಲೆ ಮುಂಗಡವಾಗಿ ವಸೂಲಿ ಮಾಡಲಾಗುತ್ತಿತ್ತು. ಆಗಿನ ದರ ಶೇ 50. ಇಂಥ ದರಗಳು ಬದಲಾಗುತ್ತಲೇ ಇರುತ್ತವೆ, ಆದರೆ ತನ್ನದೇ ಹಣ ವಾಪಸ್ ಪಡೆಯಲು ಹೊರಟವರು ಬೇರೆ ದೇಶದ ಸುಂಕವನ್ನು ಮುಂಗಡ ಕಟ್ಟಬೇಕಾದ ಸಾಧ್ಯತೆ ಕೌಂಟರ್‌ನಲ್ಲೇ ಎದುರಾಗುತ್ತದೆ. ರಿಟರ್ನ್ ಸರಕಿಗೆ ಏನು ಮಾಡುತ್ತೀರಿ ಎಂದು ರಸೀದಿ ಹರಿಯುವ ಮೊದಲೇ ಕೇಳಿಕೊಳ್ಳಬೇಕು.

ಲಿಥಿಯಂ ಬ್ಯಾಟರಿ ಇರುವ ವಸ್ತುಗಳದ್ದು ಬೇರೆಯೇ ಗೋಳು. ಬ್ಲೂಟೂತ್ ಸ್ಪೀಕರ್ ಬರುವಾಗ ಅಂಗಡಿಯವರು ನಿಯಮದಂತೆ ಪ್ಯಾಕ್ ಮಾಡಿ ಕಳಿಸಿರುತ್ತಾರೆ. ಅದನ್ನೇ ವಾಪಸ್ ಕಳಿಸಲು ಹೋದರೆ ಅಂಚೆ ಕೌಂಟರ್‌ನಲ್ಲಿ ‘ಬ್ಯಾಟರಿ ಇದೆಯಾ, ಆಗಲ್ಲ ಸಾರ್’ ಎಂಬ ಉತ್ತರ ಬರುವುದೇ ಹೆಚ್ಚು.

ಇನ್ನು ರೀಸ್ಟಾಕಿಂಗ್ ಶುಲ್ಕ. ವಾಪಸ್ ಬಂದ ಸಾಮಾನನ್ನು ಬಿಚ್ಚಿ ನೋಡಿ, ಒರೆಸಿ, ಹೊಸ ಪೆಟ್ಟಿಗೆಗೆ ಹಾಕಿ, ಮತ್ತೆ ಮಾರಾಟಕ್ಕಿಡುವ ಖರ್ಚು ಎಂದು ಅಂಗಡಿಗಳು ಇದಕ್ಕೆ ವಿವರಣೆ ಕೊಡುತ್ತವೆ. ಅಮೆರಿಕದಲ್ಲಿ ಶೇ 15ರಿಂದ 20 ಎಂಬುದು ಸಾಮಾನ್ಯ ದರ. ಬೆಸ್ಟ್ ಬೈ ಎಂಬ ದೊಡ್ಡ ಅಂಗಡಿ ಡ್ರೋನ್, ಡಿಎಸ್‌ಎಲ್‌ಆರ್ ಕ್ಯಾಮೆರಾ, ಲೆನ್ಸ್‌ನಂಥವು ತೆರೆದು ವಾಪಸ್ ಬಂದರೆ ಬೆಲೆಯ ಶೇ 15ನ್ನು ಮುರಿದುಕೊಳ್ಳುವ ನಿಯಮ ಇಟ್ಟುಕೊಂಡಿತ್ತು. ಅಲಬಾಮ, ಓಹಾಯೋದಂಥ ಕೆಲವು ರಾಜ್ಯಗಳಿಗೆ ಮಾತ್ರ ಅದರಿಂದ ವಿನಾಯಿತಿ ಕೊಟ್ಟಿತ್ತು. ಅಮೆರಿಕದಲ್ಲಿ ಆನ್‌ಲೈನ್ ಕೊಂಡ ವಸ್ತುವನ್ನು ಮನಸ್ಸು ಬದಲಾಯಿತೆಂದು ಹಿಂದಿರುಗಿಸುವ ಹಕ್ಕನ್ನು ಕೊಡುವ ಕೇಂದ್ರ ಕಾನೂನು ಇಲ್ಲ. ಮೊದಲೇ ಹೇಳಿದ್ದರೆ ಸಾಕು, ಶುಲ್ಕ ನಡೆಯುತ್ತದೆ.

ಈ ವಿವರಣೆ ಒಪ್ಪಲು ಕಷ್ಟ. ಪೆಟ್ಟಿಗೆ ಬಿಚ್ಚಿ ನೋಡುವ ಕೆಲಸಕ್ಕೆ 1,500 ಡಾಲರಿನ ಕ್ಯಾಮೆರಾ ಆದರೂ 150 ಡಾಲರಿನದಾದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಶುಲ್ಕ ಮಾತ್ರ ಒಂದಕ್ಕೆ 225 ಡಾಲರ್, ಇನ್ನೊಂದಕ್ಕೆ ಇಪ್ಪತ್ತೆರಡೂವರೆ. ಹಾಗಾದರೆ ಅದು ಕೂಲಿಯ ಲೆಕ್ಕವಲ್ಲ. ತೆರೆದ ಪೆಟ್ಟಿಗೆಯನ್ನು ಹೊಸದೆಂದು ಮಾರಲಾಗದೆ ಆಗುವ ನಷ್ಟವನ್ನು, ಆಗಿದೆಯೋ ಇಲ್ಲವೋ ನೋಡದೆ, ಎಲ್ಲರ ತಲೆಗೂ ಕಟ್ಟುವ ಲೆಕ್ಕ. ಸೀಲ್ ಒಡೆಯದೆ ಕಳಿಸಿದವರೂ ಒಮ್ಮೊಮ್ಮೆ ಅದನ್ನೇ ತೆರುತ್ತಾರೆ.

ಯುರೋಪಿನವರು ಇದನ್ನೇ ತಿರುವುಮುರುವಾಗಿ ಯೋಚಿಸಿದ್ದಾರೆ. ಗ್ರಾಹಕ ಹಕ್ಕುಗಳ 2011ರ ನಿರ್ದೇಶನದ ಪ್ರಕಾರ ಆನ್‌ಲೈನ್ ಖರೀದಿಯನ್ನು ಕಾರಣ ಕೊಡದೆ 14 ದಿನದೊಳಗೆ ರದ್ದು ಮಾಡಬಹುದು. ಅಂಗಡಿ ವಸ್ತುವಿನ ಬೆಲೆಯ ಜೊತೆಗೆ ಮೊದಲ ಸಾಗಣೆಯ ಸಾಮಾನ್ಯ ಶುಲ್ಕವನ್ನೂ ಮರಳಿಸಬೇಕು. ವಾಪಸ್ ಕಳಿಸುವ ಖರ್ಚನ್ನು ಮಾತ್ರ ಗ್ರಾಹಕರ ಮೇಲೆ ಹಾಕಬಹುದು, ಅದೂ ಮೊದಲೇ ತಿಳಿಸಿದ್ದರೆ. ಸಾರಾಸಗಟು ಶೇಕಡಾವಾರು ಶುಲ್ಕಕ್ಕೆ ಜಾಗವೇ ಇಲ್ಲ. ವಸ್ತು ಹೇಗಿದೆ ಎಂದು ನೋಡಲು ಬೇಕಾದ್ದಕ್ಕಿಂತ ಹೆಚ್ಚು ಬಳಸಿ ಬೆಲೆ ಕಡಿಮೆಯಾಗಿದ್ದರೆ ಅಷ್ಟನ್ನು ಮಾತ್ರ ಕಡಿತ ಮಾಡಬಹುದು.

ಈ ರದ್ದು ಮಾಡುವ ಹಕ್ಕು ಎಲ್ಲಿಯವರೆಗೆ ಎಂಬ ಬಗ್ಗೆ ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯದಲ್ಲಿ ಒಂದು ಸ್ವಾರಸ್ಯದ ಮೊಕದ್ದಮೆ ನಡೆಯಿತು. ಜರ್ಮನಿಯ ಗ್ರಾಹಕರೊಬ್ಬರು ಆನ್‌ಲೈನ್‌ನಲ್ಲಿ ಸಾವಿರ ಯೂರೋ ಮೀರಿದ ಹಾಸಿಗೆ ತರಿಸಿ, ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆದು, ಆಮೇಲೆ ಬೇಡ ಎಂದರು. ಸೀಲ್ ತೆಗೆದ ನೈರ್ಮಲ್ಯದ ವಸ್ತುಗಳನ್ನು ವಾಪಸ್ ಪಡೆಯಬೇಕಿಲ್ಲ ಎಂಬ ವಿನಾಯಿತಿಯನ್ನು ಅಂಗಡಿ ಮುಂದಿಟ್ಟಿತು. 2019ರ ಮಾರ್ಚ್‌ನಲ್ಲಿ ಬಂದ ತೀರ್ಪು ಹಾಸಿಗೆಯನ್ನು ಬಟ್ಟೆಗೆ ಹೋಲಿಸಿತು. ತೊಟ್ಟು ನೋಡಿದ ಬಟ್ಟೆಯನ್ನು ಶುಚಿಮಾಡಿ ಮತ್ತೆ ಮಾರುವುದಿಲ್ಲವೇ, ಹಾಸಿಗೆಯೂ ಹಾಗೆಯೇ ಎಂಬುದು ಅದರ ತರ್ಕ. ಗ್ರಾಹಕರ ಹಕ್ಕು ಉಳಿಯಿತು. ಅಂಗಡಿ ಮಾಲೀಕರ ಕಣ್ಣಲ್ಲಿ ಇದು ಅತಿ ಎನಿಸಬಹುದು, ಆದರೂ ಶೇ 15ರ ಕುರುಡು ಕತ್ತರಿಗಿಂತ ಇದು ನ್ಯಾಯಕ್ಕೆ ಹತ್ತಿರ. ಆದರೆ ನಮ್ಮೂರ ಗ್ರಾಹಕರು ಇದನ್ನು ಓದಿ ಹಿಗ್ಗುವ ಮೊದಲು ಜರ್ಮನ್ ಅಂಗಡಿಯ ನಿಯಮಗಳನ್ನು ನೋಡಬೇಕು. ಈ ಹಕ್ಕು ಒಕ್ಕೂಟದೊಳಗಿನ ಗ್ರಾಹಕರಿಗೆ ಮಾತ್ರ ಎಂದು ಕೆಲವು ಅಂಗಡಿಗಳು ಬರೆದುಕೊಂಡಿರುತ್ತವೆ. ಎಲ್ಲರಿಗೂ ಒಂದೇ ನಿಯಮ ಇಟ್ಟುಕೊಂಡ ಅಂಗಡಿಗಳೂ ಇವೆ. ಎರಡರ ನಡುವಿನ ವ್ಯತ್ಯಾಸ ಎಷ್ಟು ಎಂಬುದು ಮುಂದಿನ ಲೆಕ್ಕದಲ್ಲಿ ಕಾಣುತ್ತದೆ.

ಮೈಸೂರಿನ ಒಬ್ಬ ಸಂಗೀತಪ್ರಿಯರು ಅಮೆರಿಕದ ಅಂಗಡಿಯಿಂದ 200 ಡಾಲರಿನ ವೈರ್ ಇರುವ ಹೆಡ್‌ಫೋನ್ ತರಿಸಿದರು ಎಂದುಕೊಳ್ಳೋಣ. ಸಾಗಣೆಗೆ 30 ಡಾಲರ್. ಡಾಲರಿಗೆ ₹85 ಎಂದು ಹಿಡಿದರೆ 230 ಡಾಲರಿಗೆ ₹19,550 ಆಯಿತು. ಕ್ರೆಡಿಟ್ ಕಾರ್ಡಿನ ವಿದೇಶಿ ವಿನಿಮಯ ಮಾರ್ಕಪ್ ನಮ್ಮಲ್ಲಿ ಸಾಮಾನ್ಯವಾಗಿ ಶೇ 3.5, ಅದರ ಮೇಲೆ ಶೇ 18 ಜಿಎಸ್‌ಟಿ. ಎರಡೂ ಸೇರಿ ₹807. ಕೊರಿಯರ್‌ನವರು ಬಾಗಿಲಲ್ಲಿ ಕಸ್ಟಮ್ಸ್ ಸುಂಕವೆಂದು ₹6,000 ತೆಗೆದುಕೊಂಡರು ಎಂದಿಟ್ಟುಕೊಳ್ಳೋಣ. ಹೆಡ್‌ಫೋನ್ ಕಿವಿಗೆ ಒತ್ತುತ್ತದೆ, ಬೇಡ ಎನಿಸಿತು. ವಾಪಸ್ ಕಳಿಸಲು ಕೊರಿಯರ್‌ಗೆ ₹3,000 ಹೋಯಿತು. ಒಟ್ಟು ಕೈಬಿಟ್ಟದ್ದು ₹29,357.

ಅಂಗಡಿ ಸಾಗಣೆಯ 30 ಡಾಲರ್ ಮರಳಿಸಲಿಲ್ಲ. 200ರಲ್ಲಿ ಶೇ 15, ಅಂದರೆ ಇನ್ನೊಂದು 30 ಡಾಲರ್ ರೀಸ್ಟಾಕಿಂಗ್ ಶುಲ್ಕ ಮುರಿದುಕೊಂಡಿತು. ಉಳಿದ 170 ಡಾಲರ್ ಕಾರ್ಡಿಗೆ ಬಂದ ದಿನ ರೂಪಾಯಿ ತುಸು ಬಲವಾಗಿದ್ದು ದರ ₹84.50 ಆಗಿತ್ತು. ಖಾತೆಗೆ ಬಂದದ್ದು ₹14,365. ನಷ್ಟ ₹14,992. ಇಷ್ಟವಾಗದ ಹೆಡ್‌ಫೋನ್‌ಗಾಗಿ ಹದಿನೈದು ಸಾವಿರ ಹೋಯಿತು, ಹೆಡ್‌ಫೋನೂ ಹೋಯಿತು.

ಈಗ ಈ ನಷ್ಟವನ್ನು ಬಿಡಿಸಿ ನೋಡಿದರೆ ಒಂದು ಅಚ್ಚರಿ ಎದುರಾಗುತ್ತದೆ. ವಿದೇಶಿ ಅಂಗಡಿಯ ರಿಫಂಡ್ ಎಂದಕೂಡಲೇ ಜನ ಹೆದರುವುದು ಡಾಲರ್ ದರಕ್ಕೆ. ರಿಫಂಡನ್ನು ಕಾರ್ಡ್ ಸಂಸ್ಥೆ ಹೊಸ ವಹಿವಾಟಿನಂತೆ ನೋಡಿ ಅದು ದಾಖಲಾದ ದಿನದ ದರದಲ್ಲೇ ರೂಪಾಯಿಗೆ ಇಳಿಸುತ್ತದೆ, ಕೊಂಡ ದಿನದ ದರದಲ್ಲಿ ಅಲ್ಲ. ಹೆದರಿಕೆಗೆ ಕಾರಣ ಅದು. ಆದರೆ ಈ ಉದಾಹರಣೆಯಲ್ಲಿ ದರ ಐವತ್ತು ಪೈಸೆ ಇಳಿದದ್ದರಿಂದ ಕಳೆದದ್ದು ಬರೀ ₹85. ಸುಂಕ ₹6,000, ವಾಪಸ್ ಸಾಗಣೆ ₹3,000, ಮೊದಲ ಸಾಗಣೆ ಮತ್ತು ರೀಸ್ಟಾಕಿಂಗ್ ತಲಾ ₹2,550, ಮಾರ್ಕಪ್ ₹807. ದರ ಏರಿದ್ದರೆ ಲಾಭವೂ ಆಗುತ್ತಿತ್ತು. 2025ರ ಆರಂಭದಲ್ಲಿ 85-86ರ ಆಸುಪಾಸಿನಲ್ಲಿದ್ದ ಡಾಲರ್ ಡಿಸೆಂಬರ್‌ನಲ್ಲಿ ಮೊದಲ ಸಲ ₹90 ದಾಟಿತು. ಅಂಥ ವರ್ಷದಲ್ಲಿ ರಿಫಂಡ್ ತಡವಾದವರು ನಾಲ್ಕು ಕಾಸು ಹೆಚ್ಚೇ ಪಡೆದಿರಬಹುದು. ಮಾರ್ಕಪ್ ಹಾಗಲ್ಲ. ಅದು ಬ್ಯಾಂಕಿನ ಸೇವಾಶುಲ್ಕ, ವಸ್ತು ವಾಪಸ್ ಹೋದರೂ ಸಾಮಾನ್ಯವಾಗಿ ಮರಳುವುದಿಲ್ಲ. ಮಾರ್ಕಪ್ ಇಲ್ಲದ ಕಾರ್ಡ್ ಇದ್ದವರು ಈ ₹807 ಉಳಿಸಿಕೊಳ್ಳುತ್ತಾರೆ.

ಬೆಲೆಯನ್ನು ರೂಪಾಯಿಯಲ್ಲೇ ತೋರಿಸಿ ರೂಪಾಯಿಯಲ್ಲೇ ಹಣ ಎಳೆಯುವ ವಿದೇಶಿ ಅಂಗಡಿಗಳಲ್ಲಿ ಈ ಏರಿಳಿತ ಇರುವುದಿಲ್ಲ. ಆದರೆ ಅವರ ವಿನಿಮಯ ದರದೊಳಗೇ ಲಾಭ ಸೇರಿರುತ್ತದೆ. ವಹಿವಾಟು ರೂಪಾಯಿಯಲ್ಲಿ ನಡೆದರೂ ಅಂಗಡಿ ಹೊರದೇಶದ್ದು ಎಂಬ ಕಾರಣಕ್ಕೆ ನಮ್ಮ ಹಲವು ಬ್ಯಾಂಕುಗಳು ಶೇ 1ರಷ್ಟು ಶುಲ್ಕ ಹಾಕುವುದೂ ಉಂಟು.

ಇದೇ ಹೆಡ್‌ಫೋನನ್ನು ಯುರೋಪಿನ ನಿಯಮ ಎಲ್ಲರಿಗೂ ಅನ್ವಯಿಸುವ ಅಂಗಡಿಯಿಂದ, ಇದೇ ಬೆಲೆಗೆ ಕೊಂಡಿದ್ದರೆ? ಪೂರ್ತಿ 230 ಮರಳುತ್ತಿತ್ತು, ಅಂದರೆ ₹19,435. ನಷ್ಟ ₹9,922ಕ್ಕೆ ಇಳಿಯುತ್ತಿತ್ತು. ಒಳ್ಳೆಯ ನಿಯಮಕ್ಕೂ ಸಾಧಾರಣ ನಿಯಮಕ್ಕೂ ಇರುವ ವ್ಯತ್ಯಾಸ ಐದು ಸಾವಿರ. ಉಳಿದ ಹತ್ತು ಸಾವಿರದ ಬಹುಭಾಗ ಯಾವ ಅಂಗಡಿಯ ಕೈಯಲ್ಲೂ ಇಲ್ಲ, ಅದು ನಮ್ಮದೇ ಕಸ್ಟಮ್ಸ್‌ಗೆ ಹೋದದ್ದು.

ಆ ಸುಂಕವನ್ನು ವಾಪಸ್ ಪಡೆಯುವ ದಾರಿ ಕಾನೂನಿನಲ್ಲಿ ಇದೆ, ಅದೂ ಎರಡು. 1962ರ ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸುಂಕ ಕಟ್ಟಿ ತರಿಸಿದ ಸರಕು ಎರಡು ವರ್ಷದೊಳಗೆ ಮತ್ತೆ ರಫ್ತಾದರೆ ಸುಂಕದ ಶೇ 98ರಷ್ಟು ಮರಳುತ್ತದೆ. ಬಳಸಿದ್ದರೆ ಕಡಿಮೆ. 26ಎ ಸೆಕ್ಷನ್ ದೋಷವಿರುವ, ಹೇಳಿದಂತೆ ಇಲ್ಲದ ಸರಕಿನದ್ದು. ಬಳಸದೆ, ಕ್ಲಿಯರೆನ್ಸ್ ಆದ 30 ದಿನದೊಳಗೆ ಹೊರಗೆ ಕಳಿಸಿದರೆ ಸುಂಕದ ರಿಫಂಡ್ ಕೇಳಬಹುದು. ಎರಡಕ್ಕೂ ಒಂದೇ ಗಟ್ಟಿ ಷರತ್ತು: ಅಂದು ಒಳಬಂದದ್ದೂ ಇಂದು ಹೊರಹೋಗುತ್ತಿರುವುದೂ ಒಂದೇ ವಸ್ತು ಎಂಬುದು ಕಸ್ಟಮ್ಸ್ ಅಧಿಕಾರಿಗೆ ಮನದಟ್ಟಾಗಬೇಕು. ಅದು ಪೆಟ್ಟಿಗೆ ದೇಶ ಬಿಡುವ ಮೊದಲೇ ಆಗಬೇಕಾದ ಕೆಲಸ. ಸೀರಿಯಲ್ ನಂಬರ್ ಇರುವ ಇನ್‌ವಾಯ್ಸ್, ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿ, ರಫ್ತಿನ ಶಿಪ್ಪಿಂಗ್ ಬಿಲ್, ಎಲ್ಲವೂ ಬೇಕು. ಬಾಗಿಲಲ್ಲಿ ಕೊರಿಯರ್ ಹುಡುಗ ಕೊಟ್ಟ ರಸೀದಿ ಸಾಲದು, ಬಿಲ್ ಆಫ್ ಎಂಟ್ರಿಯ ಪ್ರತಿಯನ್ನು ಕೊರಿಯರ್ ಕಂಪನಿಯಿಂದ ಕೇಳಿ ಪಡೆಯಬೇಕು. ಈ ಹೋರಾಟ ಎರಡು ಲಕ್ಷದ ಕ್ಯಾಮೆರಾಗೆ, ಏಜೆಂಟರಿಗೆ ದುಡ್ಡು ಕೊಟ್ಟಾದರೂ, ಸರಿಹೋಗಬಹುದು. ಆರು ಸಾವಿರಕ್ಕಾಗಿ ಯಾರೂ ಮಾಡುವುದಿಲ್ಲ. ಸಣ್ಣ ಗ್ರಾಹಕರ ಮಟ್ಟಿಗೆ ಈ ಎರಡೂ ಸೆಕ್ಷನ್‌ಗಳು ಪುಸ್ತಕದ ಬದನೆಕಾಯಿ. ಆನ್‌ಲೈನ್ ರಿಟರ್ನ್‌ಗೆಂದೇ ಒಂದು ಸರಳ ಅರ್ಜಿ ಇಲ್ಲದಿರುವುದು ಈ ಇಡೀ ವ್ಯವಸ್ಥೆಯ ದೊಡ್ಡ ಕೊರತೆ, ಅದಕ್ಕೆ ಹೊಣೆ ವಿದೇಶಿ ಅಂಗಡಿಯಲ್ಲ.

2020ರ ನಮ್ಮ ಇ-ಕಾಮರ್ಸ್ ನಿಯಮಗಳೂ ಕಾಗದದಲ್ಲಿ ಗಟ್ಟಿಯಾಗಿವೆ. ಭಾರತದಲ್ಲಿ ಕಚೇರಿ ಇಲ್ಲದಿದ್ದರೂ ಇಲ್ಲಿನ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ಸಂಸ್ಥೆಗೂ ಅವು ಅನ್ವಯ. ದೋಷವಿರುವ ಸರಕನ್ನು ಮಾರಾಟಗಾರರು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಆದರೆ ಭಾರತದ ಗಡಿಯೊಳಗೆ ಒಂದು ಮೇಜೂ ಇಲ್ಲದ ಒರೆಗಾನ್‌ನ ಅಂಗಡಿಯಿಂದ ಮೈಸೂರಿನ ಗ್ರಾಹಕ ಆಯೋಗ ಆದೇಶ ಪಾಲಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಹಾಗಾಗಿ ಈ ಪದ್ಧತಿಯಲ್ಲಿ ನಿಜವಾಗಿ ಕೆಲಸ ಮಾಡುವುದು ಕಾನೂನಿಗಿಂತ ಮಾತುಕತೆ. ವಾಪಸ್ ಬರುವ ಪೆಟ್ಟಿಗೆ ಅಂಗಡಿಗೂ ತಲೆನೋವೇ. ಅಲ್ಲಿನ ಕಸ್ಟಮ್ಸ್ ಕಾಗದ ಅವರೇ ನೋಡಬೇಕು, ತೆರೆದ ಹೆಡ್‌ಫೋನನ್ನು ಕಡಿಮೆ ಬೆಲೆಗೆ ಮಾರಬೇಕು. ಅದಕ್ಕೇ ಅಮೆಜಾನ್, ವಾಲ್‌ಮಾರ್ಟ್‌ನಂಥ ದೊಡ್ಡವರು ಅಗ್ಗದ ವಸ್ತುಗಳಿಗೆ ‘ಇಟ್ಟುಕೊಳ್ಳಿ, ದುಡ್ಡು ಮರಳಿಸುತ್ತೇವೆ’ ಎಂಬ ರೂಢಿ ಶುರು ಮಾಡಿದ್ದಾರೆ. ಗಡಿಯಾಚೆಯ ಗ್ರಾಹಕರು ಈ ಎಳೆಯನ್ನೇ ಹಿಡಿಯಬಹುದು. ಮೈಸೂರಿನ ಆ ಹೆಡ್‌ಫೋನಿನ ಮಟ್ಟಿಗೆ, ವಾಪಸ್ ಕಳಿಸಿದರೆ ಸಾಗಣೆ ಕಳೆದು ಕೈಗೆ ಬರುವುದು ₹11,365. ‘ಅರ್ಧ ಹಣ ಕೊಡಿ, ವಸ್ತು ನಮ್ಮಲ್ಲೇ ಇರಲಿ’ ಎಂದು ಕೇಳಿ 100 ಡಾಲರ್ ಬಂದರೆ ₹8,450 ಕೈಗೆ ಬಂತು, ಹೆಡ್‌ಫೋನೂ ಉಳಿಯಿತು. ಅದನ್ನು ಊರಲ್ಲೇ ಮೂರು ಸಾವಿರಕ್ಕೆ ಮಾರಿದರೂ ಲೆಕ್ಕ ಸರಿಹೋಯಿತು. ಇಂಥ ಕೋರಿಕೆಗೆ ಉತ್ತರ ಬರುವುದು ರಿಟರ್ನ್ ಗುಂಡಿ ಒತ್ತುವ ಮೊದಲು ಬರೆದಾಗ. ಒತ್ತಿದ ಮೇಲೆ ಅಂಗಡಿಯ ಸಾಫ್ಟ್‌ವೇರ್ ಗೋದಾಮಿನ ಸ್ಕ್ಯಾನ್‌ಗಾಗಿ ಕಾಯುತ್ತಾ ಕೂರುತ್ತದೆ.

ಕಳಿಸಿಯೇ ಬಿಟ್ಟವರಿಗೆ ಮುಂದಿನ ಗೊಂದಲ ‘ರಿಫಂಡ್ ಆಗಿದೆ’ ಎಂದು ಅಂಗಡಿಯೂ ‘ನಮಗೆ ಬಂದಿಲ್ಲ’ ಎಂದು ಬ್ಯಾಂಕೂ ಹೇಳುವ ಘಟ್ಟ. ಆಗ ಅಂಗಡಿಯಿಂದ ಎಆರ್‌ಎನ್ ಕೇಳಬೇಕು. ಪ್ರತಿ ಕಾರ್ಡ್ ವಹಿವಾಟಿಗೂ ಅಂಗಡಿಯ ಬ್ಯಾಂಕು ಹಾಕುವ 23 ಅಂಕಿಗಳ ಗುರುತು ಅದು. ನಿಜವಾಗಿ ಹಣ ಹೊರಟಿದ್ದರೆ ಆ ಸಂಖ್ಯೆ ಇರುತ್ತದೆ, ಅದನ್ನು ಕೊಟ್ಟರೆ ನಮ್ಮ ಬ್ಯಾಂಕು ಹುಡುಕಿಕೊಡುತ್ತದೆ. ಸಂಖ್ಯೆ ಕೊಡಲು ಅಂಗಡಿ ತಡವರಿಸಿದರೆ ಹಣ ಇನ್ನೂ ಹೊರಟಿಲ್ಲ ಎಂದೇ ತಿಳಿಯಬಹುದು.

ಅಂಗಡಿ ಪೂರ್ತಿ ಕೈಯೆತ್ತಿದರೆ ಉಳಿಯುವುದು ಕಾರ್ಡ್ ನೀಡಿದ ಬ್ಯಾಂಕಿಗೆ ಸಲ್ಲಿಸುವ ಡಿಸ್ಪ್ಯೂಟ್. ವಸ್ತು ಹಿಂದಿರುಗಿಸಿದರೂ ರಿಫಂಡ್ ಬರಲಿಲ್ಲ ಎಂಬುದು ಕಾರ್ಡ್ ಸಂಸ್ಥೆಗಳು ಒಪ್ಪುವ ಕಾರಣಗಳಲ್ಲೊಂದು. ಸಾಮಾನ್ಯವಾಗಿ 120 ದಿನದ ಗಡುವು ಇರುತ್ತದೆ. ಪುರಾವೆಯಾಗಿ ಅಂಗಡಿ ರಿಟರ್ನ್ ಒಪ್ಪಿದ ಇಮೇಲ್, ಪಾರ್ಸೆಲ್ ತಲುಪಿದ್ದನ್ನು ತೋರಿಸುವ ಟ್ರ್ಯಾಕಿಂಗ್ ಪುಟ, ಅಂಚೆಯ ರಸೀದಿ ಸೇರಿಸಬೇಕು. ಟ್ರ್ಯಾಕಿಂಗ್ ಇಲ್ಲದ ಅಗ್ಗದ ಅಂಚೆಯಲ್ಲಿ ಕಳಿಸಿದವರ ಬಳಿ ಈ ಮಧ್ಯದ ಕಾಗದವೇ ಇರುವುದಿಲ್ಲ. ಈ ದೂರಿನಿಂದ ಗೆದ್ದುಕೊಳ್ಳಬಹುದಾದದ್ದು ಅಂಗಡಿ ಒಪ್ಪಿಯೂ ಕೊಡದ ರಿಫಂಡ್ ಅಷ್ಟೇ. ನಿಯಮಗಳ ಪುಟದಲ್ಲಿ ಮೊದಲೇ ಬರೆದಿದ್ದ ರೀಸ್ಟಾಕಿಂಗ್ ಶುಲ್ಕ, ಕೊರಿಯರ್‌ಗೆ ಕೊಟ್ಟ ₹3,000, ಕಸ್ಟಮ್ಸ್‌ನ ₹6,000 ಅದರ ವ್ಯಾಪ್ತಿಗೆ ಬರುವುದಿಲ್ಲ.